‘ಪಾವತಿ’ ಎಂದರೆ ಕೊಟ್ಟದ್ದೋ, ಮುಟ್ಟಿದ್ದೋ?

ಬೆಳಗಾವಿಯಿಂದ

ಮಾನ್ಯರೇ,

ಬ್ರಿಟನ್ನಿನ ವಿಶ್ವವಿದ್ಯಾಲಯವೊಂದರಲ್ಲಿ ಎಂ.ಎಸ್‌ಸಿ. ಸೀಟು ಪಡೆದ ನಮ್ಮ ಅಣ್ಣನ ಮಗಳ ಮುಂಗಡ ಶುಲ್ಕ 5,000 ಪೌಂಡನ್ನು ಇಲ್ಲಿಯ ಬ್ಯಾಂಕಿನ ಮೂಲಕ ಕಳಿಸಿದೆವು. ಎರಡು ದಿನ ಕಳೆದ ಮೇಲೆ ವಿಶ್ವವಿದ್ಯಾಲಯದವರು ‘ಪ್ರೂಫ್ ಆಫ್ ಪೇಮೆಂಟ್’ ಕೇಳಿದರು. ಮೈಸೂರಿನವನಾದ ನಮ್ಮ ಅಳಿಯ ಅದನ್ನು ‘ಪಾವತಿಯ ಪುರಾವೆ’ ಎಂದು ಅಣ್ಣನಿಗೆ ತಿಳಿಸಿದ. ನಮ್ಮ ಕಡೆ ಪಾವತಿ ಎಂದರೆ, ಮರಾಠಿಯಲ್ಲಿದ್ದಂತೆ, ಹಣ ಮುಟ್ಟಿದ್ದಕ್ಕೆ ಬರೆದುಕೊಡುವ ಚೀಟಿ. “ರೊಕ್ಕ ಮುಟ್ಟಿಸಿಕೊಂಡಾವ್ರು ಪಾವತಿ ಕೊಡಬೇಕೋ, ಕೊಟ್ಟಾವ್ರು ಕೊಡಬೇಕೋ?” ಎಂದು ಅಣ್ಣ ನಾಲ್ಕು ದಿನ ಅವರ ರಸೀದಿಗಾಗಿ ಕಾದು ಕುಳಿತ.

ಕಡೆಗೆ ಬ್ಯಾಂಕಿನ ಕಾಗದ ಕಳಿಸಿದಾಗ, 4,982 ಪೌಂಡು ಮಾತ್ರ ಜಮಾ ಆಗಿದೆ, 18 ಪೌಂಡು ಬಾಕಿ ಎಂಬ ಉತ್ತರ ಬಂತು. ಪ್ರೂಫ್ ಆಫ್ ಪೇಮೆಂಟಿಗೆ ಎರಡೂ ಸೀಮೆಯವರಿಗೆ ಒಂದೇ ಅರ್ಥ ಕೊಡುವ ಪದ ಯಾವುದು? ದಾರಿಯಲ್ಲಿ ಹೋದ ಆ 18 ಪೌಂಡನ್ನು ‘ವಟ್ಟ’ ಎನ್ನಬಹುದೇ?

ಬಾಗಲಕೋಟೆಯಿಂದ

ತಾವು ಕೇಳಿದ್ದು ‘ಪೌತಿ’ ಆಗಿರಬೇಕು. ಮೃತರ ಹೆಸರಿನಿಂದ ವಾರಸುದಾರರ ಹೆಸರಿಗೆ ಪಹಣಿ ಬದಲಿಸುವ ಪೌತಿ ಖಾತೆಯಲ್ಲಿರುವುದು ಅದೇ ಪದ. ಅದಿರಲಿ, ನನ್ನ ಮಗನ ಶುಲ್ಕ ಕಳಿಸುವಾಗ ಎ2 ಫಾರ್ಮಿನಲ್ಲಿ ಉದ್ದೇಶದ ಸಂಕೇತ S0305 ಎಂದು ಬರೆದಿದ್ದೆ. ಉದ್ದೇಶವನ್ನು ಸರಿಯಾಗಿ ಬರೆದರೆ ಹಣ ಯಾವ ವಿದ್ಯಾರ್ಥಿಯದು ಎಂದು ಅಲ್ಲಿಯವರಿಗೆ ತಾನಾಗಿಯೇ ತಿಳಿಯುತ್ತದೆ. ನಮಗೆ ಯಾರೂ ಪುರಾವೆ ಕೇಳಲಿಲ್ಲ.

ವಿಜಯಪುರದಿಂದ

ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ಬಹುಕಾಲ ದುಡಿದವನಾದ್ದರಿಂದ ಬರೆಯುತ್ತಿದ್ದೇನೆ. ಪೌತಿಯು ಸಾವು ಎಂಬ ಅರ್ಥದ ಅರಬಿ ಮೂಲದ ಪದ. ಪಾವತಿಗೂ ಅದಕ್ಕೂ ನಂಟಿಲ್ಲ. S0305 ಎಂಬುದು ವಿದ್ಯಾಭ್ಯಾಸಕ್ಕಾಗಿ ಹೊರದೇಶಕ್ಕೆ ಹೋಗುವವರ ಶುಲ್ಕ, ವಸತಿ ಮುಂತಾದ ಖರ್ಚಿನ ಸಂಕೇತವೆಂಬ ಮಾತು ನಿಜವೇ, ಆದರೆ ಆ ಘೋಷಣೆ ನಮ್ಮ ರಿಸರ್ವ್ ಬ್ಯಾಂಕಿನ ಲೆಕ್ಕಕ್ಕಾಗಿ ಇರುವುದು. ವಿಶ್ವವಿದ್ಯಾಲಯದವರು ಹಣವನ್ನು ಗುರುತಿಸುವುದು ಹಣದ ಬಗ್ಗೆ ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುವ ಸಂದೇಶದ ವಿವರದ ಜಾಗದಲ್ಲಿ ಬರೆದ ವಿದ್ಯಾರ್ಥಿ ಸಂಖ್ಯೆಯಿಂದ. ಅದು ಬಿಟ್ಟುಹೋದರೆ ಹಣ ಮುಟ್ಟಿಯೂ ಯಾರ ಹೆಸರಿಗೂ ಸೇರದೆ ಕೂತಿರುತ್ತದೆ, ಆಗಲೇ ಅವರು ಪುರಾವೆ ಕೇಳುವುದು.

ಇನ್ನು ಪಾವತಿ. ತಮ್ಮ ಅಣ್ಣನವರು ಪದವನ್ನು ತಪ್ಪಾಗಿ ತಿಳಿದಿರಲಿಲ್ಲ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಕೊಟ್ಟದ್ದು ಮತ್ತು ಮುಟ್ಟಿದ್ದು ಇಲ್ಲಿ ನಿಜಕ್ಕೂ ಬೇರೆ ಬೇರೆ. ಖಾತೆಯಿಂದ ರೂಪಾಯಿ ಕಡಿತವಾದ ಚೀಟಿಯಲ್ಲಿ ಹಣ ಯಾರಿಗೆ ಹೋಯಿತೆಂಬುದು ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಕೇಳಿ ಪಡೆಯಬೇಕಾದದ್ದು ‘ಸ್ವಿಫ್ಟ್ ಕಾಪಿ’. ಪಡೆಯುವವರ ಖಾತೆ, ಮೊತ್ತ, ತಾರೀಖು, ವಿದ್ಯಾರ್ಥಿ ಸಂಖ್ಯೆ ಎಲ್ಲವೂ ಅದರಲ್ಲಿರುತ್ತವೆ. ಆದರೆ ಅದು ನಮ್ಮ ಬ್ಯಾಂಕಿನಿಂದ ಹೊರಟ ಸಂದೇಶದ ಪ್ರತಿಯಾದ್ದರಿಂದ ಅದರಲ್ಲಿ 5,000 ಎಂದೇ ಇರುತ್ತದೆ, ದಾರಿಯಲ್ಲಿ ಮುರಿದುಕೊಂಡದ್ದು ಕಾಣುವುದಿಲ್ಲ. ತಮ್ಮ ಪ್ರತಿಯಲ್ಲಿ ಶುಲ್ಕದ ಎದುರು SHA ಎಂದಿದೆಯೇ ನೋಡಿರಿ. ಹಾಗಿದ್ದರೆ ನಮ್ಮ ಬ್ಯಾಂಕಿನ ಶುಲ್ಕವಷ್ಟೇ ತಮ್ಮದು. ನಡುವಿನ ಬ್ಯಾಂಕು ತನ್ನದನ್ನು ಸಾಗುತ್ತಿರುವ ಮೊತ್ತದಿಂದಲೇ ಹಿಡಿದುಕೊಳ್ಳುತ್ತದೆ. OUR ಎಂದು ಬರೆಸಿದ್ದರೆ ಆ ಶುಲ್ಕವನ್ನೂ ತಾವೇ ಇಲ್ಲಿ ಕಟ್ಟುತ್ತಿದ್ದಿರಿ ಮತ್ತು ಪೂರ್ತಿ 5,000 ಮುಟ್ಟಬೇಕಿತ್ತು. ‘ಮುಟ್ಟಬೇಕಿತ್ತು’ ಎಂದೇ ಬರೆಯುತ್ತೇನೆ, ಏಕೆಂದರೆ OUR ಇದ್ದರೂ ಕಡಿತವಾದ ಪ್ರಸಂಗಗಳನ್ನು ಕಂಡಿದ್ದೇನೆ. ಹಣ ಯಾವ ಬ್ಯಾಂಕಿನಲ್ಲಿ ಕಡಿಮೆಯಾಯಿತೆಂದು ತಿಳಿಯಲು ಪ್ರತಿಯಲ್ಲಿರುವ UETR ಎಂಬ 36 ಅಕ್ಷರಗಳ ಗುರುತನ್ನು ಶಾಖೆಗೆ ಕೊಟ್ಟು ವಿಚಾರಿಸಬಹುದು.

‘ವಟ್ಟ’ ಬೇಡ. ಹುಂಡಿಯನ್ನು ಅವಧಿಗೆ ಮೊದಲೇ ವಟಾಯಿಸಿದಾಗ ಬಿಟ್ಟುಕೊಡುವ ಹಣ ಅದು. ಇದು ಸಾಗಿಸಿದ್ದಕ್ಕೆ ಹಿಡಿಯುವ ಕೂಲಿ. ‘ಮಧ್ಯವರ್ತಿ ಶುಲ್ಕ’ ಎಂದು ಬರೆಯುವವರಿದ್ದಾರೆ, ಆದರೆ ನಮ್ಮ ಅಡತಿ ಅಂಗಡಿಗಳ ಸೀಮೆಯಲ್ಲಿ ಅದು ದಲಾಲಿಯಂತೆ ಕೇಳಿಸುತ್ತದೆ. ‘ದಾರಿ ಕಡಿತ’ ಎಂದರೆ ಸಾಕು.

ಬೆಳಗಾವಿಯಿಂದ, ಮತ್ತೆ

ನಮ್ಮ ಪ್ರತಿಯಲ್ಲಿ SHA ಎಂದೇ ಇದೆ. ಫಾರ್ಮು ತುಂಬುವಾಗ ಆ ಮೂರು ಅಕ್ಷರ ಏನೆಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. 18 ಪೌಂಡನ್ನು ಮತ್ತೆ ಬ್ಯಾಂಕಿನಿಂದ ಕಳಿಸಿದರೆ ಶುಲ್ಕವೇ ಅದಕ್ಕಿಂತ ಹೆಚ್ಚಾಗುತ್ತಿದ್ದುದರಿಂದ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಕಾರ್ಡಿನಿಂದ ತುಂಬಿದೆವು.

‘ದಾರಿ ಕಡಿತ’ ಮನೆಯಲ್ಲಿ ಎಲ್ಲರಿಗೂ ಒಪ್ಪಿಗೆಯಾಯಿತು. ಪ್ರೂಫ್ ಆಫ್ ಪೇಮೆಂಟಿಗೆ ‘ರವಾನೆ ಪುರಾವೆ’ ಎಂದೂ, ಅವರು ಕೊಡುವ ರಸೀದಿಗೆ ‘ಜಮಾ ಪಾವತಿ’ ಎಂದೂ ಬರೆಯೋಣವೆಂದುಕೊಂಡೆ. ಅಳಿಯನಿಗೆ ಎರಡನೆಯದು ಒಂದೇ ಮಾತನ್ನು ಎರಡು ಸಲ ಹೇಳಿದಂತೆ ಕೇಳಿಸುತ್ತದಂತೆ. ಅಣ್ಣನ ತಕರಾರು ಮೊದಲನೆಯದಕ್ಕೆ: “ರವಾನೆ ಅಂದ್ರ ಲಾರಿ ಮ್ಯಾಲ ಮಾಲು ಕಳಸೂದು.”