ಬಚ್ಚಲಿನ ಗುಲಾಬಿ ಲೋಳೆಗೆ ಆ್ಯಸಿಡ್ ಹಾಕಬಹುದಾ?

ಪ್ರಶ್ನೆ (ಚಿಕ್ಕಬಳ್ಳಾಪುರದ ಗೃಹಿಣಿ): ಮೇಡಂ, ನಮ್ಮದು ಬಾಡಿಗೆ ಮನೆ, ಬೋರ್‌ವೆಲ್ ನೀರು. ಬಚ್ಚಲಿನ ಪರದೆಯ ಕೆಳಗಿನ ಅಂಚಿನಲ್ಲಿ ಗುಲಾಬಿ ಬಣ್ಣದ ಲೋಳೆ ಕಟ್ಟುತ್ತೆ, ಟೈಲ್ಸ್ ಸಂದಿನಲ್ಲಿ ಕಪ್ಪು. ವಾರವಾರ ಆ್ಯಸಿಡ್ ಹಾಕಿ ಉಜ್ಜಿದರೂ ಬೇಗ ವಾಪಸ್ ಬರ್ತಿದೆ. ಮನೆಯಲ್ಲಿ ಚಿಕ್ಕ ಮಗು ಇದೆ. ಏನು ಮಾಡಲಿ?

ಕೋಲಾರದ ಸದಸ್ಯರು: ಅದು ನೀರಿನಲ್ಲಿರೋ ಕಬ್ಬಿಣಾಂಶ ಅಮ್ಮ. ನಮ್ಮ ಬೋರ್‌ವೆಲ್‌ನಲ್ಲೂ ಹಾಗೇ, ಬಕೆಟ್ಟೆಲ್ಲ ಕೆಂಪಗಾಗಿತ್ತು. ಫಿಲ್ಟರ್ ಹಾಕಿಸಿದ ಮೇಲೆ ಸರಿಹೋಯ್ತು.

ಉತ್ತರ (ತುಮಕೂರಿನ ಆಸ್ಪತ್ರೆಯೊಂದರಲ್ಲಿ ಸೋಂಕು ನಿಯಂತ್ರಣ ನೋಡಿಕೊಳ್ಳುವ ನರ್ಸ್): ಸಾರ್, ನಿಮ್ಮ ಮನೆಯದು ಕಬ್ಬಿಣದ ಕಲೆಯೇ ಇರಬಹುದು, ಆದರೆ ಅದಕ್ಕೆ ಲೋಳೆ ಇರೋದಿಲ್ಲ. ಬೆರಳಿನಿಂದ ಉಜ್ಜಿ ನೋಡಿ. ಜಾರುತ್ತಾ ಕೈಗೆ ಅಂಟಿ ಬಂದರೆ ಜೀವಾಣು, ತುಕ್ಕಿನ ಬಣ್ಣದಲ್ಲಿ ಗಟ್ಟಿಯಾಗಿ ಕೂತಿದ್ದರೆ ಕಬ್ಬಿಣ. ಇದನ್ನು ಮೊದಲೇ ತಿಳಿದುಕೊಳ್ಳಬೇಕು, ಯಾಕಂದ್ರೆ ಕಬ್ಬಿಣದ ಕಲೆಗೆ ಬ್ಲೀಚ್ ಹಾಕಿದರೆ ಇನ್ನಷ್ಟು ಗಾಢವಾಗುತ್ತೆ.

ಅಮ್ಮ, ನಿಮ್ಮದು ಹೆಚ್ಚಾಗಿ ಸೆರೇಷಿಯಾ ಅನ್ನೋ ಬ್ಯಾಕ್ಟೀರಿಯಾ. ಕೆಲವೊಮ್ಮೆ ಗುಲಾಬಿ ಬಣ್ಣದ ಯೀಸ್ಟ್ ಕೂಡ ಹೀಗೇ ಕಾಣುತ್ತೆ, ಎರಡಕ್ಕೂ ಮಾಡಬೇಕಾದ್ದು ಒಂದೇ. ಅದರ ಊಟ ಸೋಪು, ಶಾಂಪೂ, ಮೈಯ ಜಿಡ್ಡು. ನಿಮ್ಮ ಕಡೆ ಗಡಸು ನೀರಿನಲ್ಲಿ ಸೋಪು ಪೂರ್ತಿ ತೊಳೆದುಹೋಗದೆ ಬಿಳಿ ಪದರವಾಗಿ ಕೂರುತ್ತೆ, ಅದರ ಮೇಲೆ ಇದು ಬೆಳೆಯುತ್ತೆ. ಬೋರ್ ನೀರಿಗೆ ಕ್ಲೋರಿನ್ ಹಾಕದೆ ಬಳಸುವ ಮನೆಗಳಲ್ಲಿ ಅದನ್ನು ತಡೆಯೋಕೂ ಏನೂ ಇರೋದಿಲ್ಲ. ಕಪ್ಪಾಗಿರೋದು ಬೇರೆ, ಅದು ಬೂಷ್ಟು.

ಆ್ಯಸಿಡ್ ನಿಲ್ಲಿಸಿಬಿಡಿ. ಸಂದಿನಲ್ಲಿರೋದು ಸಿಮೆಂಟು, ಆ್ಯಸಿಡ್ ಅದನ್ನು ಕರಗಿಸುತ್ತೆ. ಸಂದು ಒರಟಾಗಿ, ಸಣ್ಣ ಸಣ್ಣ ತೂತು ಬಿದ್ದು, ನೀರು ಮತ್ತು ಬೂಷ್ಟು ಇನ್ನೂ ಒಳಗೆ ಇಳಿಯುತ್ತವೆ. ಕಪ್ಪು ಬೇಗ ಬೇಗ ಬರೋಕೆ ನೀವು ಉಜ್ಜುತ್ತಿರೋ ರೀತಿಯೂ ಒಂದು ಕಾರಣ.

ಮೊದಲು ಪಾತ್ರೆ ತೊಳೆಯೋ ಲಿಕ್ವಿಡ್ಡು, ಬಿಸಿ ನೀರು, ನೈಲಾನ್ ಬ್ರಷ್ ತೊಗೊಂಡು ಲೋಳೆ ಮತ್ತು ಸೋಪಿನ ಪದರ ತೆಗೆಯಿರಿ. ಕಬ್ಬಿಣದ ಜುಂಗು ಬೇಡ, ಟೈಲ್ಸಿನ ಹೊಳಪು ಹೋಗುತ್ತೆ. ಜಿಡ್ಡಿನ ಮೇಲೆಯೇ ಬ್ಲೀಚ್ ಸುರಿದರೆ ಅದರ ಶಕ್ತಿಯೆಲ್ಲ ಜಿಡ್ಡಿಗೇ ಖರ್ಚಾಗಿ ಕೆಳಗಿನ ಬ್ಯಾಕ್ಟೀರಿಯಾ ಹಾಗೇ ಉಳಿಯುತ್ತೆ. ಚೆನ್ನಾಗಿ ತೊಳೆದ ಮೇಲೆ ಅಂಗಡಿಯಲ್ಲಿ ಸಿಗೋ ಲಿಕ್ವಿಡ್ ಬ್ಲೀಚ್ ಒಂದು ಲೋಟಕ್ಕೆ 9 ಲೋಟ ತಣ್ಣೀರು ಬೆರೆಸಿ ಹಚ್ಚಿ, 10 ನಿಮಿಷ ಒದ್ದೆಯಾಗೇ ಬಿಟ್ಟು ತೊಳೆಯಿರಿ. ಕಿಟಕಿ ತೆಗೆದಿರಲಿ, ಗ್ಲೌಸ್ ಇರಲಿ, ಮಗು ಆ ಕಡೆ ಬಾರದಿರಲಿ. ಬೆರೆಸಿದ್ದನ್ನು ಎತ್ತಿಡಬೇಡಿ, ಅದರ ಶಕ್ತಿ ಕುಂದುತ್ತೆ.

ದಯವಿಟ್ಟು ಇದೊಂದು ನೆನಪಿಡಿ: ಆ್ಯಸಿಡ್ ಅಥವಾ ಟಾಯ್ಲೆಟ್ ಕ್ಲೀನರ್ ಜೊತೆ ಬ್ಲೀಚ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತೆ. ಮುಚ್ಚಿದ ಬಚ್ಚಲಲ್ಲಿ ಅದು ಶ್ವಾಸಕೋಶವನ್ನೇ ಸುಡುತ್ತೆ.

ಗೃಹಿಣಿ: ವಿನೆಗರ್ ಹಾಕಬಹುದಾ ಮೇಡಂ? ಪರದೆ ಎಸೆದುಬಿಡಲಾ?

ನರ್ಸ್: ವಿನೆಗರ್ ಕೂಡ ಆಮ್ಲವೇ ಅಮ್ಮ, ಬ್ಲೀಚ್ ಜೊತೆ ಅದೂ ಸೇರಬಾರದು. ನಲ್ಲಿಯ ಮೇಲಿನ ಬಿಳಿ ಉಪ್ಪಿಗೆ ಬೇರೆ ದಿನ ಬಳಸಿ, ಸಂದಿಗೂ ಮಾರ್ಬಲ್ಲಿಗೂ ಬೇಡ. ಪರದೆ ಪ್ಲಾಸ್ಟಿಕ್ಕಿನದಾದರೆ ಡಿಟರ್ಜೆಂಟಿನಲ್ಲಿ ಒಗೆದು, ಅದೇ ಬ್ಲೀಚ್ ನೀರಿನಲ್ಲಿ 10 ನಿಮಿಷ ನೆನೆಸಿ, ತೊಳೆದು ಬಿಸಿಲಿಗೆ ಹಾಕಿ. ಸ್ನಾನ ಆದಮೇಲೆ ಮಡಿಕೆ ಬೀಳದ ಹಾಗೆ ಪೂರ್ತಿ ಎಳೆದಿಡಿ, ನೀರು ನಿಲ್ಲೋದೇ ಮಡಿಕೆಯಲ್ಲಿ. ಗೋಡೆಗೂ ಒಮ್ಮೆ ವೈಪರ್ ಎಳೆಯಿರಿ.

ಆರೋಗ್ಯವಂತರಿಗೆ ಮುಟ್ಟಿದ ಮಾತ್ರಕ್ಕೆ ಏನೂ ಆಗೋದು ಅಪರೂಪ. ಆದರೆ ಕಾಂಟ್ಯಾಕ್ಟ್ ಲೆನ್ಸ್ ಡಬ್ಬಿ ಬಚ್ಚಲಲ್ಲಿ ಇಡಬೇಡಿ, ಈ ಬ್ಯಾಕ್ಟೀರಿಯಾ ಕಣ್ಣಿಗೆ ಕೆಟ್ಟದ್ದು. ಕ್ಯಾಥೆಟರ್ ಹಾಕಿರುವವರು ಮನೆಯಲ್ಲಿದ್ದರೂ ಎಚ್ಚರ ಬೇಕು.

ಟೈಲ್ಸ್ ಮೇಸ್ತ್ರಿ, ಗುಬ್ಬಿ: ಮೇಡಂ ಹೇಳಿದ್ದು ಸರಿ, ಆದರೆ ಈಗಾಗಲೇ ಆ್ಯಸಿಡ್ ತಿಂದಿರೋ ಸಂದಿಗೆ ಬ್ಲೀಚ್ ಸಾಲದು. ಮೇಲಿನ ಬಣ್ಣ ಹೋಗುತ್ತೆ, ಒಳಗಿನದು ಉಳಿಯುತ್ತೆ. ಹಳೇದನ್ನ ಕೆರೆದು ಎಪಾಕ್ಸಿ ತುಂಬಿಸಿಬಿಡಿ, ಆಮೇಲೆ ಯಾವತ್ತೂ ಕಪ್ಪು ಬರಲ್ಲ.

ನರ್ಸ್: ಕೆರೆದು ತುಂಬಿಸೋದು ಒಪ್ಪುತ್ತೀನಿ ಅಣ್ಣ. ಆದರೆ ಎಪಾಕ್ಸಿ ಮೇಲೂ ಸೋಪು ಕೂತರೆ ಲೋಳೆ ಬಂದೇ ಬರುತ್ತೆ. ಅದು ನೀರು ಹೀರೋದಿಲ್ಲ ಅಷ್ಟೆ, ಅದಕ್ಕೇ ಒರೆಸಿದರೆ ಹೋಗುತ್ತೆ.

ಗೃಹಿಣಿ: ಕಪ್ಪು ಜಾಸ್ತಿ ಇರೋದು ನಲ್ಲಿ ಕೆಳಗಿನ ಮೂಲೆಯಲ್ಲಿ ಮಾತ್ರ.

ಮೇಸ್ತ್ರಿ: ಹಾಗಾದ್ರೆ ಎಪಾಕ್ಸಿಗೆ ಈಗಲೇ ದುಡ್ಡು ಹಾಕಬೇಡಿ ಅಕ್ಕ. ಊರಿಗೆ ಹೋದಾಗ ಎರಡು ದಿನ ಬಚ್ಚಲು ಬಳಸದೆ ಒಣಗಲು ಬಿಡಿ, ಮೇನ್ ವಾಲ್ವ್ ಮುಚ್ಚಬೇಡಿ. ಬಂದು ನೋಡಿದಾಗ ಆ ಮೂಲೆ ಮಾತ್ರ ಒದ್ದೆ ಇದ್ದರೆ ಗೋಡೆ ಒಳಗಿನ ಪೈಪು ಸೋರುತ್ತಿರಬಹುದು. ಅದು ಓನರ್ ಮಾಡಿಸಬೇಕಾದ ಕೆಲಸ.

ಗೃಹಿಣಿ: ಓನರ್ ಬೆಂಗಳೂರಲ್ಲಿದ್ದಾರೆ. ನೋಡಿ, ಫೋಟೊ ತೆಗೆದು ಕಳಿಸ್ತೀನಿ.