ಸಹಾಯ ಬೇಕು: ವಾರಿಗೆ ಮೂರು ವಾರ ರಜೆ, ಜರ್ಮನ್ ಮ್ಯಾನೇಜರ್‌ಗೆ ಪತ್ರ

ನಮಸ್ಕಾರ. ನಾನು ಬೆಳಗಾವಿ ಕಡೆಯವನು, ಕೆಲಸ ಜರ್ಮನಿಯಲ್ಲಿ. ಆಷಾಢದ ವಾರಿಗೆ ಆಳಂದಿಯಿಂದ ಪಂಢರಪುರಕ್ಕೆ ಜ್ಞಾನೇಶ್ವರರ ಪಾಲಕಿ ಜೊತೆ ನಡೆಯಬೇಕು. "ಒಂದು ವಾರ ಸಾಲದಾ?" ಅಂತ ಮ್ಯಾನೇಜರ್ ಕೇಳೇ ಕೇಳುತ್ತಾರೆ. ಅದಕ್ಕೆ ಹೀಗೆ ಬರೆದಿದ್ದೇನೆ:

"ಇದು ಸುಮಾರು 250 ಕಿ.ಮೀ. ಕಾಲ್ನಡಿಗೆಯ ಯಾತ್ರೆ. ಪ್ರತಿ ರಾತ್ರಿ ಎಲ್ಲಿ ತಂಗಬೇಕು ಅನ್ನುವುದು ಮೊದಲೇ ನಿಗದಿಯಾಗಿರುತ್ತದೆ. ಆಷಾಢ ಏಕಾದಶಿಯ ಹೊತ್ತಿಗೆ ಎಲ್ಲರೂ ಪಂಢರಪುರದಲ್ಲಿರಬೇಕು. ಹಾಗಾಗಿ ದಿನಾಂಕ ಬದಲಿಸಲು ಆಗುವುದಿಲ್ಲ. ದಯವಿಟ್ಟು ನನ್ನ ವಾರ್ಷಿಕ ರಜೆಯಿಂದಲೇ 15 ಕೆಲಸದ ದಿನ ಕೊಡಬೇಕೆಂದು ಕೋರುತ್ತೇನೆ. ಹೊರಡುವ ಮೊದಲು ಕೆಲಸವನ್ನು ಸಹೋದ್ಯೋಗಿಗೆ ಒಪ್ಪಿಸುತ್ತೇನೆ."

ಹರಕೆ, ಭಕ್ತಿ ಅಂತ ಜಾಸ್ತಿ ಬರೆದಿಲ್ಲ. ಅವರಿಗೆ ಬೇಕಾದದ್ದು ದಿನಾಂಕ, ಅಲ್ವಾ? ಸಂಜೆ ಒಮ್ಮೆ ಮೆಸೇಜ್ ನೋಡುತ್ತೇನೆ ಅಂತ ಸೇರಿಸಲಾ? ಡೇರೆಯಲ್ಲಿ ಫೋನ್ ಚಾರ್ಜ್ ಆಗದಿದ್ದರೆ ಸುಮ್ನೆ ಮಾತು ತಪ್ಪಿದಂತಾಗುತ್ತದೆ. ವಾರಿಗೆ ಹೋಗಿ ಬಂದವರು ದಯವಿಟ್ಟು ಹೇಳಿ.