ಶುಕ್ರ ಒಲಿದರೂ ಮಂಗಳ ಮಾತಿಗೆ ಸಿಗುವುದಿಲ್ಲ

ಮುಸ್ಸಂಜೆ: ನನ್ನ ಶುಕ್ರ ವೃಷಭ 20 ಡಿಗ್ರಿ, ಮಂಗಳ ಮಿಥುನ 24. ನನ್ನ ಹುಡುಗನ ಶುಕ್ರ ಕುಂಭ 22, ಮಂಗಳ ಕರ್ಕಾಟಕ 19. ಎಲ್ಲ ಪಾಶ್ಚಾತ್ಯ ಲೆಕ್ಕ. ಆಕರ್ಷಣೆಗೆ ಕಡಿಮೆ ಇಲ್ಲ. ಜಗಳವಾದರೆ ಮಾತ್ರ ನಾನು ಮಾತಾಡುತ್ತಲೇ ಇರುತ್ತೇನೆ, ಅವನು ಮೌನ. ಯಾರಿಗಾದರೂ ಹೀಗೆ ಆಗಿದೆಯಾ?

ಹಳೇ ಕೊಡೆ: ಕುಜ ದೋಷ ನೋಡಿಸಿದ್ದೀರಾ? ನಿಮ್ಮ ಶುಕ್ರ ಮೇಷದಲ್ಲಿ ಇರಬೇಕಲ್ವಾ?

ರೇಖಾಂಶ: ಅದು ನಮ್ಮ ಜಾತಕದ ಲೆಕ್ಕ. ಎರಡಕ್ಕೂ ಸುಮಾರು 24 ಡಿಗ್ರಿ ವ್ಯತ್ಯಾಸ, ಹಾಗಾಗಿ ಅಲ್ಲಿ ಇವರ ಶುಕ್ರ ಮೇಷಕ್ಕೆ ಬೀಳುತ್ತದೆ. ಇಲ್ಲಿ ಎರಡನ್ನೂ ಬೆರೆಸಬೇಡಿ.

ಮುಸ್ಸಂಜೆ ಅವರೇ, ನಿಮ್ಮ ಶುಕ್ರನಿಂದ ಅವರ ಮಂಗಳಕ್ಕೆ 59 ಡಿಗ್ರಿ. ಅಂದರೆ 60ರ ಸಲೀಸು ದೃಷ್ಟಿ. ಅವರ ಶುಕ್ರನಿಂದ ನಿಮ್ಮ ಮಂಗಳಕ್ಕೆ 122, ಅದು 120ರ ದೃಷ್ಟಿ. ಸೆಳೆತ ಎರಡೂ ಕಡೆಯಿಂದ ಇದೆ. ಇಬ್ಬರ ಶುಕ್ರಗಳ ನಡುವೆ ಮಾತ್ರ 88, ಚೌಕ ದೃಷ್ಟಿ. ನಿಮಗೆ ಪಕ್ಕದಲ್ಲೇ ಇರುವವರು, ಹೇಳಿದ ಹೊತ್ತಿಗೆ ಬರುವವರು ಬೇಕು. ಅವರಿಗೆ ಸ್ವಲ್ಪ ದೂರ ಬಿಟ್ಟರೇ ಪ್ರೀತಿ ಉಳಿಯುವುದು.

ಜಗಳದ ಕಥೆ ಬೇರೆ. ಇಬ್ಬರ ಮಂಗಳಗಳ ನಡುವೆ 25 ಡಿಗ್ರಿ. ಪಕ್ಕದ ರಾಶಿಗಳು, ಪ್ರಮುಖ ದೃಷ್ಟಿ ಯಾವುದೂ ಇಲ್ಲ. ಹೊಡೆದಾಟವೂ ಅಲ್ಲ, ಒಬ್ಬರ ಕೋಪ ಇನ್ನೊಬ್ಬರಿಗೆ ಕಾಣುವುದೇ ಇಲ್ಲ. ಮಿಥುನದ ಮಂಗಳ "ನೀನು ಹೇಳಿದ್ದು ಇದೇ ಅಲ್ವಾ?" ಎಂದು ಪಾಯಿಂಟ್ ಹಿಡಿದು, ಎರಡು ನಿಮಿಷಕ್ಕೆ ಬೇರೆ ಪಾಯಿಂಟ್‌ಗೆ ಹಾರುತ್ತದೆ. ಕರ್ಕಾಟಕದ ಮಂಗಳಕ್ಕೆ ಪಾಯಿಂಟ್ ಬೇಡ, ನೀವು ಹೇಳಿದ ದನಿ ಸಾಕು. ವಾರವಾದ ಮೇಲೆ ಬೇರೆ ಯಾವುದಕ್ಕೋ ಮುನಿಸಿಕೊಂಡಾಗ ಅದು ಹೊರಗೆ ಬರುತ್ತದೆ.

ತಿಳಿಗಾಳಿ: ಕರ್ಕಾಟಕದಲ್ಲಿ ಮಂಗಳ ನೀಚ. ದುರ್ಬಲ, ಅದಕ್ಕೇ ಜಗಳ ಆಡಲ್ಲ.

ರೇಖಾಂಶ: ನೀಚ ನಿಜ. ಆದರೆ ಕೋಪ ಇಲ್ಲ ಅಂತಲ್ಲ, ನೇರವಾಗಿ ಬರುವುದಿಲ್ಲ ಅಷ್ಟೇ. ಮೌನವನ್ನು ಶಾಂತಿ ಅಂದುಕೊಂಡರೆ ಕೆಟ್ಟಿತು.

ಬೆಂಕಿಪೊಟ್ಟಣ: ನನ್ನದು ಶುಕ್ರ, ಮಂಗಳ ಎರಡೂ ಮೇಷ. ಮೂರೇ ಮಾತಿಗೆ ಕಿರುಚಾಟ, ಊಟದ ಹೊತ್ತಿಗೆ ಮರೆತಿರುತ್ತೇನೆ. ಎದುರಿನವರು ಮರೆತಿರುವುದಿಲ್ಲ, ಅದೇ ಕಷ್ಟ. ನಾನಾದರೆ ಅವನನ್ನು ಹಿಡಿದು ಕೂರಿಸಿ ಮಾತಾಡಿಸುತ್ತಿದ್ದೆ.

ರೇಖಾಂಶ: ಆ ಮಂಗಳ ಇನ್ನಷ್ಟು ಒಳಗೆ ಹೋಗುತ್ತದೆ! ಮೊದಲು ಒಂದು ಸಾಲು ಬರೆದು ಕಳಿಸಿ: ಕೋಪ ಇದೆ, ಬಿಟ್ಟು ಹೋಗುತ್ತಿಲ್ಲ. ಉಳಿದ ವಾದ ನಾಳೆಗಿರಲಿ.

ಮುಸ್ಸಂಜೆ: ನಾಳೆವರೆಗೆ ಸುಮ್ನೆ ಇರೋದು ನನ್ನಿಂದ ಆಗುತ್ತಾ? ಅವನ ಹುಟ್ಟಿದ ಸಮಯವೂ ಗೊತ್ತಿಲ್ಲ.

ರೇಖಾಂಶ: ಶುಕ್ರ ದಿನಕ್ಕೆ ಸುಮಾರು ಒಂದು ಡಿಗ್ರಿ, ಮಂಗಳ ಅದರ ಅರ್ಧದಷ್ಟು ಸರಿಯುತ್ತದೆ. ಸಮಯ ಇಲ್ಲದಿದ್ದರೂ ಇಲ್ಲಿ ರಾಶಿ ಬದಲಾಗಲ್ಲ. ಮನೆಗಳನ್ನು ಮಾತ್ರ ಓದಲಾಗದು. ಅವರ ಚಂದ್ರ ಎಲ್ಲಿದೆ ನೋಡಿ ಹೇಳಿ, ಕರ್ಕಾಟಕದ ಮಂಗಳಕ್ಕೆ ಒಡೆಯ ಅವನೇ.